ಅಪ್ಪನ ಸ್ವೆಟರ್ ನಾಲ್ಕು ಇಂಚು ಬೆಳೆದ ಕಥೆ

ನಿನ್ನೆ ಸಂಜೆ ಅಡುಗೆಮನೆಯ ತಕ್ಕಡಿ 480 ಗ್ರಾಂ ತೋರಿಸಿದಾಗ ಎಂಟು ದಿನದ ತಲೆನೋವು ಮುಗಿಯಿತು. ಒಂದು ಸ್ವೆಟರ್ ಒಗೆದು ಒಣಗಿಸೋಕೆ ಎಂಟು ದಿನ ಬೇಕಾ ಅಂತ ನೀವು ಕೇಳಬಹುದು. ಬೇಡ. ಸರಿಯಾಗಿ ಮಾಡಿದರೆ ಎರಡೇ ದಿನ ಸಾಕು. ಉಳಿದ ಆರು ದಿನ ನಾನು ಮಾಡಿದ ತಪ್ಪುಗಳಿಗೆ ಹೋಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಹಾಸನ. ನವೆಂಬರ್ ಬಂತೆಂದರೆ ಅಪ್ಪನಿಗೆ ಬೆಳಗಿನ ವಾಕಿಂಗಿಗೆ ಸ್ವೆಟರ್ ಬೇಕೇ ಬೇಕು. ಅದೂ ಒಂದೇ ಸ್ವೆಟರ್. ಕಂದು ಬಣ್ಣದ್ದು, ವಿ ಕತ್ತಿನದು, ನಾನು ಸ್ಕೂಲಿಗೆ ಹೋಗುವಾಗ ಅಮ್ಮ ಕಡ್ಡಿ ಹಿಡಿದು ಹೆಣೆದದ್ದು. ಪ್ರತಿ ವರ್ಷ ಅದನ್ನು ಒಗೆಯುತ್ತಿದ್ದವಳು ಅಮ್ಮನೇ. ಈ ಸಲ ಅಮ್ಮ ಅಕ್ಕನ ಬಾಣಂತನಕ್ಕೆ ಅಂತ ಶಿವಮೊಗ್ಗಕ್ಕೆ ಹೋಗಿದ್ದಾಳೆ. ಟ್ರಂಕಿನಿಂದ ತೆಗೆದ ಸ್ವೆಟರ್ ನುಸಿಗುಳಿಗೆ ವಾಸನೆ ಹೊಡೆಯುತ್ತಿತ್ತು. ಒಂದು ಸ್ವೆಟರ್ ತಾನೇ, ನಾನೇ ಒಗೆದರಾಯಿತು ಅಂದುಕೊಂಡೆ.

ಒಗೆದದ್ದರಲ್ಲಿ ಏನೂ ತಪ್ಪಾಗಲಿಲ್ಲ. ಬಕೆಟ್‌ನಲ್ಲಿ ತಣ್ಣೀರು, ಸ್ವಲ್ಪ ಶಾಂಪೂ, ಮೆಲ್ಲಗೆ ಅದುಮಿದ್ದು. ತಪ್ಪಾಗಿದ್ದು ಆಮೇಲೆ. ನೀರು ಸೋರುತ್ತಿದ್ದ ಸ್ವೆಟರನ್ನು ಎರಡೂ ಹೆಗಲಿನಲ್ಲಿ ಹಿಡಿದು ಎತ್ತಿದೆ, ತಾರಸಿಗೆ ಒಯ್ದೆ, ಹಗ್ಗಕ್ಕೆ ಎರಡು ಹೆಗಲಿಗೂ ಕ್ಲಿಪ್ ಹಾಕಿ ನೇತುಹಾಕಿದೆ. ಅಜ್ಜಿ ಕಂಬಳಿ ಒಗೆದು ಬೇಲಿ ಮೇಲೆ ಹಾಕುತ್ತಿದ್ದದ್ದು ಕಣ್ಣಲ್ಲಿತ್ತು. ಕಂಬಳಿಗೆ ಆಗದ್ದು ಸ್ವೆಟರಿಗೆ ಏನಾಗುತ್ತೆ, ಎರಡೂ ಉಣ್ಣೆ ತಾನೇ?

ಭಾನುವಾರ ಬೆಳಿಗ್ಗೆ ಹಾಕಿದ್ದು ಸೋಮವಾರ ಮಧ್ಯಾಹ್ನ ಒಣಗಿತ್ತು. ಅಪ್ಪ ಹಾಕಿಕೊಂಡು ಕನ್ನಡಿ ಮುಂದೆ ನಿಂತರು. ತೋಳು ಬೆರಳ ತುದಿ ದಾಟಿ ಜೋತಾಡುತ್ತಿತ್ತು. ಕೆಳಗಿನ ಬಾರ್ಡರ್ ತೊಡೆ ಹತ್ತಿರ ಗಂಟೆಯ ಬಾಯಿಯಂತೆ ಅಗಲವಾಗಿತ್ತು. ಎದೆ ಹತ್ತಿರ ಮಾತ್ರ ಬಿಗಿ. ಕ್ಲಿಪ್ ಹಾಕಿದ ಜಾಗದಲ್ಲಿ ಎರಡು ಹೆಗಲಿಗೂ ಒಂದೊಂದು ಕೊಂಬು.

"ಸ್ವೆಟರ್ ಕೊಟ್ಟಿದ್ದೆ, ನಿಲುವಂಗಿ ಮಾಡಿ ಕೊಟ್ಟಿದ್ದೀಯಲ್ಲೋ" ಅಂದರು ಅಪ್ಪ. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿರುತ್ತಿತ್ತು.

ಅವತ್ತೇ ಸಂಜೆ ಡ್ರೈಕ್ಲೀನಿಂಗ್ ಅಂಗಡಿಗೆ ಒಯ್ದೆ. ಅವರು ಹಿಡಿದು ನೋಡಿ, ಸ್ಟೀಮ್ ಹೊಡೆದು ಕೊಡುತ್ತೇವೆ, 350 ರೂಪಾಯಿ, ಆದರೆ ಅಳತೆ ವಾಪಸ್ ಬರುತ್ತೆ ಅಂತ ಹೇಳಲ್ಲ ಅಂದರು. ಅವರ ಹಿಂದೆ ಇದ್ದ ಸ್ವೆಟರ್‌ಗಳೆಲ್ಲ ಹ್ಯಾಂಗರಿನಲ್ಲೇ ನೇತಾಡುತ್ತಿದ್ದವು. ಅದನ್ನು ನೋಡಿ ವಾಪಸ್ ಬಂದೆ.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಒಪ್ಪಿಕೊಂಡೆ. ಅಮ್ಮ ಕೇಳಿದ ಮೊದಲ ಪ್ರಶ್ನೆ, "ಬಿಸಿನೀರು ಹಾಕಿದೆಯಾ?" ಇಲ್ಲ ಅಂದೆ. "ಹಂಗಾದ್ರೆ ಸರಿಹೋಗುತ್ತೆ ಬಿಡು. ಉದ್ದ ಆಗಿರೋದನ್ನ ವಾಪಸ್ ತರಬಹುದು. ಕುಗ್ಗಿ ಗಟ್ಟಿಯಾಗಿದ್ರೆ ಬಿಸಾಕೋದೇ."

ಈ ವ್ಯತ್ಯಾಸ ಮುಖ್ಯ. ಬಿಸಿನೀರಿನಲ್ಲಿ ತಿಕ್ಕಿ ಒಗೆದರೆ ಉಣ್ಣೆಯ ಎಳೆಗಳ ಮೇಲಿರುವ ಪುಟ್ಟ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ದಪ್ಪ ರಟ್ಟಿನಂತಾಗುತ್ತದೆ. ಆಗ ಹೆಣಿಗೆಯ ಕುಣಿಕೆಗಳೇ ಕಾಣುವುದಿಲ್ಲ. ನಿಮ್ಮ ಸ್ವೆಟರಿನಲ್ಲಿ ಒಂದೊಂದು ಕುಣಿಕೆಯೂ ಬಿಡಿಬಿಡಿಯಾಗಿ, ಉದ್ದುದ್ದವಾಗಿ ಕಾಣುತ್ತಿದ್ದರೆ ಅದು ಬರೀ ಜಗ್ಗಿದೆ ಅಂತ ಅರ್ಥ. ಅಂಥದ್ದಕ್ಕೆ ಮುಂದೆ ಹೇಳುವುದು ಕೆಲಸ ಮಾಡುತ್ತದೆ.

ಜಗ್ಗಿದ್ದು ಯಾಕೆ ಅಂತ ಹೇಳಿದ್ದು ಅಪ್ಪ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು, ಅವಕಾಶ ಸಿಕ್ಕರೆ ಬಿಡುವುದಿಲ್ಲ. "ಉಣ್ಣೆ ಅಂದ್ರೆ ಕೂದಲು ಕಣೋ. ನಮ್ಮ ತಲೆಕೂದಲೂ ಕೆರಾಟಿನ್, ಕುರಿ ಕೂದಲೂ ಕೆರಾಟಿನ್. ಒದ್ದೆ ಕೂದಲನ್ನ ಸುರುಳಿ ಸುತ್ತಿ ಒಣಗಿಸಿದ್ರೆ ಸುರುಳಿಯಾಗೇ ನಿಲ್ಲುತ್ತಲ್ಲ, ಇದೂ ಅಷ್ಟೇ." ಎಳೆಯ ಒಳಗೆ ಹೈಡ್ರೋಜನ್ ಬಂಧಗಳಿರುತ್ತವೆ. ನೀರು ಒಳಗೆ ಹೋದಾಗ ಅವು ಬಿಡುತ್ತವೆ, ಒಣಗುವಾಗ ಮತ್ತೆ ಕಟ್ಟಿಕೊಳ್ಳುತ್ತವೆ. ಒಣಗುವ ಹೊತ್ತಿಗೆ ಎಳೆ ಯಾವ ಆಕಾರದಲ್ಲಿತ್ತೋ ಆ ಆಕಾರದಲ್ಲೇ ಕೂರುತ್ತದೆ. ನಾನು ನೇತುಹಾಕಿದ್ದೆ, ಹಾಗಾಗಿ ನೇತಾಡುವ ಆಕಾರದಲ್ಲೇ ಕೂತುಬಿಟ್ಟಿತ್ತು.

ಮತ್ತೆ ಕಂಬಳಿ? ಅದು ಮಗ್ಗದಲ್ಲಿ ನೇಯ್ದದ್ದು. ನೂಲು ಉದ್ದಕ್ಕೆ ನೇರ ಹೋಗಿರುತ್ತದೆ, ಅಡ್ಡಕ್ಕೆ ನೇರ ಹೋಗಿರುತ್ತದೆ. ಜಗ್ಗಿದರೆ ನೂಲೇ ಜಗ್ಗಬೇಕು. ಸ್ವೆಟರ್ ಹಾಗಲ್ಲ. ಅದು ಕುಣಿಕೆಯೊಳಗೆ ಕುಣಿಕೆ ತೂರಿಸಿ ಮಾಡಿದ್ದು. ಕೆಳಗಿನಿಂದ ಭಾರ ಎಳೆದರೆ ದುಂಡಗಿದ್ದ ಕುಣಿಕೆ ಉದ್ದ ಆಗುತ್ತದೆ, ಉದ್ದ ಆದಷ್ಟೂ ಸಪೂರ ಆಗುತ್ತದೆ. ಅದಕ್ಕೇ ಅಪ್ಪನಿಗೆ ತೋಳು ಉದ್ದ, ಎದೆ ಬಿಗಿ.

ಮಂಗಳವಾರ ಮೊದಲ ಪ್ರಯತ್ನ. ಮೊದಲು ಒಣಗಿದ್ದಾಗಲೇ ತೂಕ ನೋಡಿ ಬರೆದಿಟ್ಟುಕೊಂಡೆ, 480 ಗ್ರಾಂ. ನಾನು ಮಾಡಿದ ಒಂದೇ ಬುದ್ಧಿವಂತಿಕೆ ಅದು. ಅಳತೆ ತೆಗೆದುಕೊಳ್ಳೋಣ ಅಂದರೆ ಹಳೆಯ ಅಳತೆ ಯಾರಿಗೆ ಗೊತ್ತು? ಒಗೆಯುವ ಮೊದಲು ಟೇಪು ಹಿಡಿದಿದ್ದರೆ ಇಷ್ಟೆಲ್ಲ ಇರಲಿಲ್ಲ. ಹಾಗಾಗಿ ಇದನ್ನು ಓದಿ ಇನ್ನೂ ಒಗೆಯದೆ ಇರುವವರು, ಮೊದಲು ಸ್ವೆಟರನ್ನು ಹಳೇ ಪಂಚೆಯ ಮೇಲೆ ಹಾಸಿ ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆದುಬಿಡಿ. ಪೆನ್ನು ಬೇಡ, ಶಾಯಿ ಒದ್ದೆ ಉಣ್ಣೆಗೆ ಹತ್ತುತ್ತದೆ. ಒಣಗಿಸುವಾಗ ಆ ಗೆರೆಯೊಳಗೆ ಕೂರಿಸಿದರೆ ಸಾಕು.

ನನಗೆ ಗೆರೆ ಇರಲಿಲ್ಲ. ಅಂದಾಜಿನಲ್ಲಿ ಮಾಡಿದೆ. ಅರ್ಧ ಗಂಟೆ ನೆನೆಸಿ, ಹಿಂಡಿ, ಹಾಲಿನ ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಬೆಡ್‌ಶೀಟು, ಅದರ ಮೇಲೆ ಸ್ವೆಟರ್. ಅಂಚುಗಳನ್ನು ಬೆರಳಲ್ಲಿ ಹಿಡಿದು ಅಗಲಕ್ಕೆ ಎಳೆದೆ. ಎಳೆದ ಕಡೆಯೆಲ್ಲ ಅಂಚು ಅಲೆಅಲೆಯಾಗಿ ಎದ್ದಿತು. ಅವತ್ತು ರಾತ್ರಿಯಿಂದಲೇ ಜಿಟಿಜಿಟಿ ಮಳೆ ಹಿಡಿಯಿತು. ಬುಧವಾರ ಮೇಲ್ಭಾಗ ಒಣಗಿದಂತಿತ್ತು. ಗುರುವಾರ ಬೆಳಿಗ್ಗೆ ಎತ್ತಿ ನೋಡಿದರೆ ಕೆಳಗೆ ಇನ್ನೂ ತಣ್ಣಗೆ, ಮೂಗಿಗೆ ಹಿಡಿದರೆ ಒದ್ದೆ ನಾಯಿಯ ವಾಸನೆ. ಕೆಳಗಡೆ ಪ್ಲಾಸ್ಟಿಕ್ ಇದ್ದರೆ ನೀರು ಹೋಗುವುದಾದರೂ ಎಲ್ಲಿಗೆ? ಸಮತಟ್ಟಾಗಿ ಹಾಸುವುದು ಅಂದರೆ ನೆಲದ ಮೇಲೆ ಹಾಸುವುದು ಅಂದುಕೊಂಡಿದ್ದೆ. ಸಮತಟ್ಟಾಗಿರಬೇಕು, ಜೊತೆಗೆ ಕೆಳಗಿನಿಂದ ಗಾಳಿಯೂ ಆಡಬೇಕು. ಎರಡೂ ಬೇಕು.

ಆ ದಿನ ನಿಜವಾಗಿ ಬೇಜಾರಾಯಿತು. ಅಪ್ಪ ಎರಡು ಶರ್ಟು ಹಾಕಿಕೊಂಡು ವಾಕಿಂಗ್ ಹೋಗುತ್ತಿದ್ದರು.

ಗುರುವಾರ ರಾತ್ರಿ ಅಮ್ಮನಿಗೆ ಮತ್ತೆ ಫೋನ್. ಹಳೆಯ ಅಳತೆ ನೆನಪಿದೆಯಾ ಅಂತ ಕೇಳಿದೆ. "ನೆನಪು ಎಲ್ಲಿಂದ ಬರುತ್ತೆ? ಹೊಲಿಗೆ ಮೆಷೀನ್ ಡ್ರಾಯರ್‌ನಲ್ಲಿ ನೋಟ್ ಬುಕ್ ಇದೆ ನೋಡು" ಅಂದಳು. ದಾರದ ಗಂಟುಗಳ ಕೆಳಗೆ ಸಿಕ್ಕಿತು. ರಟ್ಟು ಕಿತ್ತುಹೋದ ನೂರು ಪುಟದ ನೋಟ್ ಬುಕ್. ಒಂದು ಪುಟದ ಮೇಲೆ "ಇವರ ಸ್ವೆಟರ್, ಕಂದು" ಅಂತ ಬರೆದಿತ್ತು. ಅಳತೆ ಇರಲಿಲ್ಲ, ಬರೀ ಲೆಕ್ಕ. ಬೆನ್ನು 110 ಕುಣಿಕೆ, 182 ಸಾಲು. ತೋಳು 126 ಸಾಲು. ಪಕ್ಕದಲ್ಲಿ ಸಣ್ಣಗೆ, ಇಂಚಿಗೆ 5 ಕುಣಿಕೆ, 7 ಸಾಲು.

ಅಮ್ಮ ನಕ್ಕಳು. "ಅಷ್ಟಿದ್ರೆ ಸಾಕಲ್ಲ. ಸ್ವೆಟರ್ ಎಷ್ಟೇ ಜಗ್ಗಿದ್ರೂ ಕುಣಿಕೆ ಜಾಸ್ತಿ ಆಗಲ್ಲ, ಸಾಲೂ ಜಾಸ್ತಿ ಆಗಲ್ಲ." ಭಾಗಿಸಿ ನೋಡಿದೆ. 110 ಕುಣಿಕೆಗೆ ಇಂಚಿಗೆ 5 ಅಂದರೆ ಅಗಲ 22 ಇಂಚು. 182 ಸಾಲಿಗೆ ಇಂಚಿಗೆ 7 ಅಂದರೆ ಉದ್ದ 26. ತೋಳು ಕಂಕುಳಿಂದ ಕೆಳಕ್ಕೆ 18. ಈಗ ಟೇಪು ಹಿಡಿದರೆ ಅಗಲ 20, ಉದ್ದ 30ಕ್ಕಿಂತ ಸ್ವಲ್ಪ ಜಾಸ್ತಿ, ತೋಳು 22. ಒಂದು ಇಂಚಿನಲ್ಲಿ ಏಳು ಸಾಲು ಇರಬೇಕಾದ ಕಡೆ ಆರೇ ಸಾಲು ಇದ್ದವು. ಬರೀ ಒಂದು ಸಾಲಿನ ವ್ಯತ್ಯಾಸ ಪೂರ್ತಿ ಉದ್ದಕ್ಕೆ ನಾಲ್ಕು ಇಂಚಾಗಿತ್ತು.

ನಿಮ್ಮ ಮನೆಯಲ್ಲಿ ಇಂಥ ನೋಟ್ ಬುಕ್ ಇಲ್ಲದಿದ್ದರೆ ಸ್ವೆಟರಿನಲ್ಲಿ ಜಗ್ಗದ ಜಾಗ ಹುಡುಕಿ. ಕತ್ತಿನ ಹಿಂದೆ ಅಥವಾ ಬೆನ್ನಿನ ಮೇಲ್ಭಾಗದಲ್ಲಿ, ಕ್ಲಿಪ್ಪಿನಿಂದ ದೂರ ಸಾಮಾನ್ಯವಾಗಿ ಅಷ್ಟು ಎಳೆತ ಇರುವುದಿಲ್ಲ. ಅಲ್ಲಿ ಇಂಚಿಗೆ ಎಷ್ಟು ಸಾಲು ಅಂತ ಎಣಿಸಿ, ಪೂರ್ತಿ ಸಾಲುಗಳನ್ನು ಅದರಿಂದ ಭಾಗಿಸಿ.

ಶುಕ್ರವಾರ ಸಾಮಾನು ತಂದೆ. ಹಾರ್ಡ್‌ವೇರ್ ಅಂಗಡಿಯಿಂದ ಕಿಟಕಿಗೆ ಹಾಕುವ ನೈಲಾನ್ ಸೊಳ್ಳೆ ಜಾಲರಿ ಎರಡು ಮೀಟರ್, 160 ರೂಪಾಯಿ. ದೊಡ್ಡ ಟರ್ಕಿ ಟವೆಲ್ ಒಂದು, 280. ಇನ್ನೊಂದು ಟವೆಲ್ ಮನೆಯಲ್ಲೇ ಇತ್ತು. ಅಂಗಡಿಯವನು ಕಬ್ಬಿಣದ ಜಾಲರಿ ತೋರಿಸಿ ಗಟ್ಟಿ ಅಂದ. ಒದ್ದೆ ಉಣ್ಣೆಗೆ ತುಕ್ಕಿನ ಕಲೆ ಹತ್ತಿದರೆ ಹೋಗುವುದಿಲ್ಲ, ಬೇಡ ಅಂದೆ. ಇದೇ ಕಾರಣಕ್ಕೆ ಗುಂಡುಪಿನ್ನು ಚುಚ್ಚಿ ಹಿಡಿಸುವುದೂ ಬೇಡ ಅಂತ ಅಮ್ಮ ಹೇಳಿದ್ದಳು.

ಜಾಲರಿಯನ್ನು ಮೊದಲು ಎರಡು ಕುರ್ಚಿಗಳ ನಡುವೆ ಕಟ್ಟಿದೆ. ಒಂದು ಒದ್ದೆ ಟವೆಲ್ ಹಾಕಿ ನೋಡಿದರೆ ತೊಟ್ಟಿಲ ಥರ ಜೋತುಬಿತ್ತು. ಅದರಲ್ಲಿ ಒಣಗಿದ ಸ್ವೆಟರಿಗೆ ಹೊಟ್ಟೆ ಬರುವುದು ಖಂಡಿತ. ಆಗ ಅಟ್ಟದ ಮೇಲಿದ್ದ ಮಡಚುವ ಮಂಚ ನೆನಪಾಯಿತು. ನೈಲಾನ್ ಪಟ್ಟಿ ಹೆಣೆದದ್ದು. ಕೆಳಗಿಳಿಸಿ, ಪಟ್ಟಿ ಬಿಗಿ ಮಾಡಿ, ಅದರ ಮೇಲೆ ಜಾಲರಿ ಹಾಸಿದೆ. ಜಾಲರಿ ಯಾಕೆ ಅಂದರೆ ಪಟ್ಟಿಯ ಗುರುತು ಉಣ್ಣೆಯ ಮೇಲೆ ಅಚ್ಚು ಬೀಳಬಾರದು ಅಂತ. ಮಂಚದ ಕೆಳಗೆ ಗಾಳಿ, ಮೇಲೆ ಗಾಳಿ. ಇದಕ್ಕಿಂತ ಬೇರೆ ಏನು ಬೇಕು?

ಒಗೆಯುವುದು ಈ ಸಲ ಅಮ್ಮ ಹೇಳಿದಂತೆ. ಬಕೆಟ್‌ಗೆ ಮುಟ್ಟಿದರೆ ಚಳಿಯೂ ಅಲ್ಲದ ಬಿಸಿಯೂ ಅಲ್ಲದ ನೀರು, ಒಂದು ಚಮಚ ಸಾದಾ ಶಾಂಪೂ, ಅರ್ಧ ಗಂಟೆ. ಬಟ್ಟೆ ಪುಡಿ, ಸೋಡ ಬೇಡ, ಕ್ಷಾರ ಉಣ್ಣೆಯನ್ನು ತಿನ್ನುತ್ತದೆ. ನೀರು ಚಿಮುಕಿಸಿ ಅಲ್ಲಲ್ಲಿ ಒದ್ದೆ ಮಾಡಿದರೆ ಸಾಲದು, ಎಳೆಯ ಒಳಗೆ ನೀರು ಇಳಿಯುವವರೆಗೂ ಹಳೆಯ ಆಕಾರ ಬಿಡುವುದಿಲ್ಲ. ಜಾಲಿಸುವುದಕ್ಕೂ ಅಷ್ಟೇ ಬೆಚ್ಚಗಿನ ನೀರು. ಕೊನೆಯ ನೀರಿಗೆ ಎರಡು ಚಮಚ ಬಿಳಿ ವಿನೆಗರ್ ಹಾಕಿದೆ, ನಾಯಿ ವಾಸನೆಗೆ.

ಎತ್ತುವಾಗ ಹೆಗಲು ಹಿಡಿಯಲಿಲ್ಲ. ಎರಡು ಕೈ ಕೆಳಗೆ ಹಾಕಿ, ಕೂಸನ್ನು ಸ್ನಾನದ ನೀರಿನಿಂದ ಎತ್ತುವಂತೆ ಮುದ್ದೆಯಾಗಿ ಎತ್ತಿ ಪಾತ್ರೆಗೆ ಹಾಕಿದೆ. ತಿರುಚದೆ ಅದುಮಿ ನೀರು ತೆಗೆದೆ. ಆಮೇಲೂ ತಕ್ಕಡಿಯಲ್ಲಿ 1,350 ಗ್ರಾಂ. ಅಂದರೆ ಹಿಂಡಿದ ಮೇಲೂ ಸುಮಾರು 870 ಗ್ರಾಂ ನೀರು ಒಳಗೇ ಇತ್ತು. ಭಾನುವಾರ ನಾನು ಅದಕ್ಕಿಂತ ಜಾಸ್ತಿ ನೀರನ್ನು ಎರಡು ಕ್ಲಿಪ್ಪಿಗೆ ನೇತುಹಾಕಿದ್ದೆ ಅಂತ ಆಗ ಗೊತ್ತಾಯಿತು.

ಟವೆಲ್ ಕೆಲಸ ತಮಾಷೆಯಾಗಿತ್ತು. ಟವೆಲ್ ಹಾಸಿ, ಅದರ ಮೇಲೆ ಸ್ವೆಟರ್ ಹರಡಿ, ಎರಡನ್ನೂ ಸೇರಿಸಿ ಚಾಪೆ ಸುತ್ತಿದ ಹಾಗೆ ಸುತ್ತಿ, ಬರಿಗಾಲಲ್ಲಿ ಅದರ ಮೇಲೆ ಹತ್ತಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆದೆ. ಬಿಚ್ಚಿದಾಗ ಟವೆಲ್ ತೊಪ್ಪೆಯಾಗಿತ್ತು. ಒಣ ಟವೆಲ್‌ನಲ್ಲಿ ಇನ್ನೊಂದು ಸಲ. ಈಗ 780 ಗ್ರಾಂ. ಹತ್ತು ನಿಮಿಷದ ಕೆಲಸ, ಇದು ಒಂದು ಪೂರ್ತಿ ದಿನದ ಕಾಯುವಿಕೆಯನ್ನು ಉಳಿಸುತ್ತದೆ. ಮೊದಲ ಪ್ರಯತ್ನದಲ್ಲಿ ನಾನು ಇದನ್ನೇ ಬಿಟ್ಟಿದ್ದೆ. ವಾಷಿಂಗ್ ಮೆಷೀನಿನಲ್ಲಿ ಬಟ್ಟೆ ಚೀಲದೊಳಗೆ ಹಾಕಿ ಅತಿ ಕಡಿಮೆ ವೇಗದಲ್ಲಿ ಒಂದು ನಿಮಿಷ ಸ್ಪಿನ್ ಮಾಡುವವರೂ ಇದ್ದಾರೆ. ಕೈ ಹೆಣಿಗೆಗೆ ನನಗೆ ಧೈರ್ಯ ಬರಲಿಲ್ಲ.

ಈಗ ಮಂಚದ ಮೇಲೆ. ಅಮ್ಮ ಫೋನಿನಲ್ಲಿ ವಿಡಿಯೋ ಹಾಕಿಸಿಕೊಂಡು ಕೂತಿದ್ದಳು, ತೊಡೆಯ ಮೇಲೆ ಅಕ್ಕನ ಮಗು. "ಎಳೀಬೇಡ ಕಣಪ್ಪ, ತಳ್ಳು" ಅಂತ ಹತ್ತು ಸಲ ಹೇಳಿರಬೇಕು. ಬೆರಳಲ್ಲಿ ಅಂಚು ಹಿಡಿದು ಎಳೆದರೆ ಹಿಡಿದ ಕಡೆ ಮಾತ್ರ ಅಗಲ ಆಗುತ್ತದೆ. ಬದಲಿಗೆ ಎರಡೂ ಅಂಗೈಯನ್ನು ಚಪ್ಪಟೆಯಾಗಿ ಇಟ್ಟು, ಕೆಳಗಿನ ಬಾರ್ಡರಿನಿಂದ ಹೆಗಲ ಕಡೆಗೆ ಮೆಲ್ಲಗೆ ತಳ್ಳಬೇಕು. ಸಾಲಿಗೆ ಸಾಲು ಹತ್ತಿರ ಬರುತ್ತದೆ, ಉದ್ದಗಾಗಿದ್ದ ಕುಣಿಕೆ ಮತ್ತೆ ದುಂಡಗಾಗುತ್ತದೆ, ಅಗಲ ತಾನಾಗೇ ಬರುತ್ತದೆ. ಮೊದಲ ಸಲ ತಳ್ಳಿದಾಗ ಬಟ್ಟೆ ಮಡಿಕೆ ಎದ್ದು ನಿಂತಿತು. ಅಂಗೈಯಿಂದ ತಟ್ಟಿ ತಟ್ಟಿ ಮಡಿಕೆಯನ್ನು ಒಳಗೇ ಕೂರಿಸಿದೆ. ಒಣ ಸ್ವೆಟರಿನಲ್ಲಿ ಹೀಗೆ ಮಾಡಿದರೆ ಬಿಟ್ಟ ತಕ್ಷಣ ವಾಪಸ್ ಹೋಗುತ್ತದೆ. ಒದ್ದೆಯಲ್ಲಿ ಹೇಳಿದ ಹಾಗೆ ಕೇಳುತ್ತದೆ, ಹಸಿ ಮಣ್ಣಿನ ಥರ.

ಉದ್ದ 26 ಬಂತು, ಅಗಲ 22 ಬಂತು. ತೋಳು ಎಷ್ಟು ತಳ್ಳಿದರೂ 19ಕ್ಕೆ ನಿಂತಿತು. ಬಾರ್ಡರನ್ನು ಅಗಲಕ್ಕೆ ಬಿಡದೆ, ಅದರ ಏಣುಗಳನ್ನು ಒಂದಕ್ಕೊಂದು ಒತ್ತಿ ಸಣ್ಣ ಮಾಡಿದೆ. ಅಲ್ಲಿ ಸಡಿಲ ಬಿಟ್ಟರೆ ಸೊಂಟಕ್ಕೆ ಹಿಡಿಯುವುದೇ ಇಲ್ಲ. ಹೆಗಲ ಕೊಂಬುಗಳನ್ನು ಒಳಗಡೆಯಿಂದ ಬೆರಳಿಟ್ಟು ಹೊರಗಿನಿಂದ ತಟ್ಟಿದೆ. ತೋಳುಗಳನ್ನು ಮೈಗೆ ಅಂಟಿಸದೆ ಸ್ವಲ್ಪ ದೂರ ಇಟ್ಟೆ. ಅಂಟಿದರೆ ಕಂಕುಳಲ್ಲಿ ಒದ್ದೆ ಉಳಿಯುತ್ತದೆ, ಮೊದಲು ವಾಸನೆ ಬಂದದ್ದೂ ಅಲ್ಲೇ.

ಬಿಸಿಲಿಗೆ ಇಡಲಿಲ್ಲ, ಮಳೆ ಇದ್ದದ್ದರಿಂದ ಇಡುವ ಹಾಗೂ ಇರಲಿಲ್ಲ. ನೇರ ಬಿಸಿಲಿಗೆ ಉಣ್ಣೆಯ ಬಣ್ಣ ಮಾಸುತ್ತದೆ, ಬಿಳಿ ಉಣ್ಣೆಯಾದರೆ ಹಳದಿಗೆ ತಿರುಗುತ್ತದೆ. ಹಾಲಿನ ಫ್ಯಾನ್ ಎರಡರಲ್ಲಿ ಇಟ್ಟು ಮಲಗಿದೆ. ಶನಿವಾರ ಬೆಳಿಗ್ಗೆ ಮಗುಚಿ ಹಾಕಿದೆ. ಮಗುಚಿದಾಗ ಅಳತೆ ಮತ್ತೆ ನೋಡಬೇಕು, ನನ್ನದು ಅರ್ಧ ಇಂಚು ಜಾರಿತ್ತು, ತಳ್ಳಿ ಸರಿ ಮಾಡಿದೆ. ಸಂಜೆ ಹೊತ್ತಿಗೆ ಮುಟ್ಟಿದರೆ ಒಣಗಿದಂತೆಯೇ ಇತ್ತು. ಅಪ್ಪ ಹಾಕಿಕೊಳ್ಳಲು ಕೈ ಚಾಚಿದರು. ತಕ್ಕಡಿಗೆ ಹಾಕಿದರೆ 545 ಗ್ರಾಂ.

ಉಣ್ಣೆ ಮೋಸ ಮಾಡುವುದು ಇಲ್ಲೇ. ಅದು ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಒಳಗಿಟ್ಟುಕೊಂಡೂ ಕೈಗೆ ಒಣಗಿದಂತೆಯೇ ಇರುತ್ತದೆ. ಆ ಹೊತ್ತಿನಲ್ಲಿ ಹಾಕಿಕೊಂಡರೆ, ಹ್ಯಾಂಗರಿಗೆ ಹಾಕಿದರೆ, ಮಾಡಿದ ಕೆಲಸವೆಲ್ಲ ಹೋಗುತ್ತದೆ. ಮಡಚಿ ಟ್ರಂಕಿಗೆ ಇಟ್ಟರೆ ಬೂಷ್ಟು. ತಕ್ಕಡಿ ಇಲ್ಲದವರು ಕಂಕುಳ ಹೊಲಿಗೆಯನ್ನೂ ಬಾರ್ಡರನ್ನೂ ಕೆನ್ನೆಗೆ ಒತ್ತಿ ನೋಡಿ. ಕೈಗಿಂತ ಕೆನ್ನೆಗೆ ತಣ್ಣಗಿರುವುದು ಬೇಗ ಗೊತ್ತಾಗುತ್ತದೆ. ಒಂದು ದಿನ ಜಾಸ್ತಿಯೇ ಬಿಡಿ. ನಾವು ಭಾನುವಾರ ಸಂಜೆವರೆಗೂ ಬಿಟ್ಟೆವು, 480 ಬಂತು.

ಕಾಯುವ ಹೊತ್ತಿನಲ್ಲಿ ನನ್ನದೇ ಅಂಗಡಿ ಸ್ವೆಟರುಗಳ ಲೇಬಲ್ ತೆಗೆದು ನೋಡಿದೆ. ವರ್ಷಗಟ್ಟಲೆ ಕತ್ತಿಗೆ ಚುಚ್ಚುತ್ತಿದ್ದ ಚೀಟಿ, ಓದಿದ್ದು ಈಗಲೇ. ಚೌಕದ ನಡುವೆ ಅಡ್ಡ ಗೆರೆ ಒಂದು ಇದ್ದರೆ ಸಮತಟ್ಟಾಗಿ ಹಾಸಿ ಒಣಗಿಸಿ ಅಂತ. ಗೆರೆ ಉದ್ದಕ್ಕೆ ನಿಂತಿದ್ದರೆ ನೇತುಹಾಕಬಹುದು. ಮೂಲೆಯಲ್ಲಿ ಓರೆ ಗೆರೆಗಳಿದ್ದರೆ ನೆರಳಿನಲ್ಲಿ. ಚೌಕದೊಳಗೆ ಸುತ್ತು ಇದ್ದರೆ ಅದು ಡ್ರೈಯರ್ ಮೆಷೀನಿನ ವಿಷಯ. ನನ್ನ ಮೂರು ಸ್ವೆಟರಿನಲ್ಲಿ ಎರಡಕ್ಕೆ ಅಡ್ಡ ಗೆರೆ ಇತ್ತು. ಎರಡೂ ಬೀರುವಿನಲ್ಲಿ ಹ್ಯಾಂಗರಿಗೆ ನೇತಾಡುತ್ತಿದ್ದವು.

ಅದರಲ್ಲಿ ಒಂದು ಉಣ್ಣೆಯೇ ಅಲ್ಲ, ಅಕ್ರಿಲಿಕ್. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವುದು ಎಷ್ಟೋ ಸಲ ಅದೇ. ಲೇಬಲ್ ಇಲ್ಲದಿದ್ದರೆ ಒಳಗಿನ ಹೊಲಿಗೆಯಿಂದ ಒಂದು ಚೂರು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಕಡ್ಡಿ ಗೀರಿ ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಕಪ್ಪು ಗಟ್ಟಿ ಮಣಿಯಾಗುತ್ತದೆ. ಅಕ್ರಿಲಿಕ್ ಹೆಣಿಗೆಯನ್ನೂ ಹಾಸಿಯೇ ಒಣಗಿಸಿ, ಅದೂ ಕುಣಿಕೆಯೇ. ಆದರೆ ಜಗ್ಗಿದ ಮೇಲೆ ನೀರಿನಲ್ಲಿ ನೆನೆಸಿ ತಳ್ಳಿದರೆ ಉಣ್ಣೆಯಷ್ಟು ಮಾತು ಕೇಳುವುದಿಲ್ಲ. ಇಸ್ತ್ರಿಯ ಸ್ಟೀಮ್ ಹೊಡೆದರೆ ಸತ್ತ ಬಟ್ಟೆಯಂತಾಗುತ್ತದೆ, ಮತ್ತೆ ಯಾವತ್ತೂ ಪುಟಿಯುವುದಿಲ್ಲ. ಮೆಷೀನಿನಲ್ಲಿ ಒಗೆಯಬಹುದು ಅಂತ ಮಾರುವ ಉಣ್ಣೆಗೂ ಒಂದು ಎಚ್ಚರ. ಅದು ಕುಗ್ಗದ ಹಾಗೆ ಎಳೆಯನ್ನು ನುಣುಪು ಮಾಡಿರುತ್ತಾರೆ, ಹಾಗಾಗಿ ಒದ್ದೆಯಲ್ಲಿ ಇನ್ನೂ ಜಾಸ್ತಿ ಜಾರುತ್ತದೆ.

ಒಟ್ಟು ಖರ್ಚು 440 ರೂಪಾಯಿ. ಜಾಲರಿ, ಟವೆಲ್ ಮನೆಯಲ್ಲೇ ಉಳಿಯುತ್ತವೆ.

ಇವತ್ತು ಬೆಳಿಗ್ಗೆ ಅಪ್ಪ ಹಾಕಿಕೊಂಡರು. ಎದೆ ಸರಿ, ಬಾರ್ಡರ್ ಸೊಂಟಕ್ಕೆ ಕೂತಿದೆ. ತೋಳು ಒಂದು ಇಂಚು ಉದ್ದ ಉಳಿದೇ ಹೋಯಿತು, ಒಂದು ಮಡಿಕೆ ಮಡಚಿಕೊಂಡರು. ವಾಕಿಂಗ್ ಮುಗಿಸಿ ಬಂದವರು ಎಂದಿನಂತೆ ಸ್ವೆಟರ್ ಬಿಚ್ಚಿ, ಬಾಗಿಲ ಹಿಂದಿನ ಮೊಳೆಗೆ ಕತ್ತಿನಿಂದ ನೇತುಹಾಕಿದರು. ನಾನು ಏನೂ ಹೇಳಲಿಲ್ಲ. ತೆಗೆದು, ಮಡಚಿ ಕುರ್ಚಿಯ ಮೇಲಿಟ್ಟು, ಸುತ್ತಿಗೆ ತಂದು ಮೊಳೆ ಕಿತ್ತೆ.